ಎರಡನೇ ಮನೆ, ನಾಲ್ಕನೇ ಮನೆ

ಭಾವನ ಬಗ್ಗೆ ಬರೆಯಬೇಕೆಂದು ಕೂತರೆ ಅಕ್ಕನೇ ಮೊದಲು ಬಂದು ನಿಲ್ಲುತ್ತಾಳೆ. ಅವರಿಬ್ಬರನ್ನು ಬಿಡಿಸಿ ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಕ್ಕ ಹೋಗಿ ವರ್ಷವಾಗುತ್ತ ಬಂತು. ಈಗಲೂ ಅಮ್ಮ ಫೋನಿನಲ್ಲಿ "ಅವರಿಬ್ಬರೂ ಹೇಗಿದ್ದಾರೆ" ಎಂದು ಕೇಳಿ, ತಕ್ಷಣ ನಾಲಿಗೆ ಕಚ್ಚಿಕೊಂಡು, "ಅವನು ಹೇಗಿದ್ದಾನೆ" ಎನ್ನುತ್ತಾಳೆ.

ಭಾವನದು ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ನಡುವೆ ಒಂದು ನೀಲಿ ಪರದೆ. ಮೊದಲು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಕಾಲ ತಿರುಗಿದಂತೆ ಇವರೂ ತಿರುಗಿದರು. ಬೆರಳು ದಪ್ಪ, ಆದರೆ ಕೂದಲೆಳೆಯಂಥ ತಂತಿಯನ್ನೂ ನೋಯಿಸದೆ ಹಿಡಿಯುತ್ತಾರೆ. ಮಾತು ಕಮ್ಮಿ. ಮಾತಿನ ಪಾಲನ್ನೆಲ್ಲ ಅಕ್ಕ ವಹಿಸಿಕೊಂಡಿದ್ದಳು.

ಅವರ ಕೆಲಸದ ರೀತಿಯೇ ಬೇರೆ. ಹೊಸ ಮದರ್‌ಬೋರ್ಡ್ ಬಂದರೆ ಮೊದಲು ಡಬ್ಬಿಯಿಂದ ಹೊರಗೆ ಬರುತ್ತಿದ್ದದ್ದು ಅದರ ಜೊತೆಗಿನ ಪುಸ್ತಕ. ಅಕ್ಕ ಮೇಜಿನ ಆ ಬದಿಗೆ ಕೂತು ಓದುವುದು, ಭಾವ ಈ ಬದಿಯಲ್ಲಿ ಕೈಯಾಡಿಸುವುದು. ಅವಳು ಓದದೆ ಇವರು ಸ್ಕ್ರೂ ಡ್ರೈವರ್ ಮುಟ್ಟುತ್ತಿರಲಿಲ್ಲ. ಓದುವುದೆಂದರೆ ಬರೀ ಓದಲ್ಲ, ಅವಳದೇ ಭಾಷೆಯಲ್ಲಿ ಬಿಡಿಸಿ ಹೇಳುವುದು. ಏನನ್ನಾದರೂ ಕೂರಿಸುವ ಜಾಗವೆಲ್ಲ ಅವಳಿಗೆ "ಮನೆ". "ರ‍್ಯಾಮ್‌ಗೆ ನಾಲ್ಕು ಮನೆ ಇದೆ ರೀ. ನಿಮ್ಮ ಹತ್ರ ಇರೋದು ಎರಡು. ಪ್ರೊಸೆಸರ್ ಕಡೆಯಿಂದ ಎಣಿಸಿ, ಎರಡನೇ ಮನೆ, ನಾಲ್ಕನೇ ಮನೆ. ಅಕ್ಕಪಕ್ಕ ಕೂರಿಸಬೇಡಿ, ಇಬ್ಬರೂ ಒಂದೇ ಬಾಗಿಲಲ್ಲಿ ತಳ್ಳಾಡ್ತಾರೆ."

"ಗೊತ್ತು ಕಣೇ, ಎಷ್ಟು ಸಲ ಹೇಳ್ತೀಯ."

"ಗೊತ್ತಿದ್ರೆ ಕೈ ಯಾಕೆ ಒಂದನೇ ಮನೆ ಹತ್ರ ಹೋಗ್ತಿದೆ?"

ಕಾಯುತ್ತ ಕೂತ ಗಿರಾಕಿಗಳಿಗೆ ಇದೇ ಮನರಂಜನೆ. "ಏನು ಮೇಡಂ, ಸಾರ್ ಪಾಸ್ ಆಗ್ತಾರಾ ಈ ಸಲ?" ಎಂದು ಕೇಳುತ್ತಿದ್ದರು. ಅಕ್ಕ ಪುಟ ತಿರುಗಿಸುತ್ತ, "ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡ್ತೀನಿ ಬಿಡಿ" ಎನ್ನುತ್ತಿದ್ದಳು.

ನಾನು ಬಸುರಿಯಾಗಿದ್ದಾಗ ಅಕ್ಕ ಹಾಸಿಗೆ ಹಿಡಿದಿದ್ದಳು. ಮಗುವನ್ನು ಎತ್ತಿ ಆಡಿಸುವಷ್ಟು ದಿನ ಇರುತ್ತೇನೋ ಇಲ್ಲವೋ ಎಂದು ಅವಳಿಗೇ ಅನ್ನಿಸಿರಬೇಕು. ಭಾವನಿಗೆ ಹೇಳಿ ಮಂಚದ ಪಕ್ಕಕ್ಕೆ ಒಂದು ಮೈಕ್ ಹಾಕಿಸಿಕೊಂಡು, ಹುಟ್ಟಲಿರುವ ಮಗುವಿಗಾಗಿ ಕಥೆ ಹೇಳಿ ರೆಕಾರ್ಡ್ ಮಾಡತೊಡಗಿದಳು. ಬಾಲ ಕಳೆದುಕೊಂಡ ಬೆಕ್ಕಿನ ಕಥೆ, ಛತ್ರಿಗೆ ಹೆದರುವ ಆನೆಯ ಕಥೆ, ಎಲ್ಲ ಅವಳೇ ಕಟ್ಟಿದ್ದು. ಎಲ್ಲ ಸೇರಿದ್ದು ಭಾವನ ಕಂಪ್ಯೂಟರಿನ ಹಳೇ ಹಾರ್ಡ್ ಡಿಸ್ಕಿಗೆ.

ನನ್ನ ಮಗಳು ಹುಟ್ಟುವ ಹೊತ್ತಿಗೆ ಅಕ್ಕ ಇರಲಿಲ್ಲ.

ಗಿರಾಕಿಗಳಿಗೆಲ್ಲ "ಎರಡು ಕಡೆ ಇಡಿ, ಒಂದನ್ನೇ ನಂಬಬೇಡಿ" ಎಂದು ಹೇಳುವ ಭಾವ ಆ ಕಥೆಗಳನ್ನು ಮಾತ್ರ ಎಲ್ಲಿಗೂ ನಕಲು ಮಾಡಲಿಲ್ಲ. ನಕಲು ಮಾಡಲು ಆ ಫೋಲ್ಡರ್ ತೆರೆಯಬೇಕು. ತೆರೆದರೆ ಅವಳು ಇಟ್ಟ ಹೆಸರುಗಳು ಕಾಣುತ್ತವೆ. ನಾನೂ ಒತ್ತಾಯ ಮಾಡಲಿಲ್ಲ. ಮಗಳಿಗೆ ಕಥೆ ತಿಳಿಯುವ ವಯಸ್ಸಾಗಲಿ, ಆಗ ಕೇಳೋಣ ಎಂದುಕೊಂಡೆ.

ಮೊನ್ನೆ ಭಾವನ ಕಂಪ್ಯೂಟರಿನ ಹಳೇ ಮದರ್‌ಬೋರ್ಡ್ ಸುಟ್ಟುಹೋಯಿತು. ಹೊಸದನ್ನೂ, ಅದಕ್ಕೆ ಕೂರಿಸುವ ಚಪ್ಪಟೆ ಡಿಸ್ಕೊಂದನ್ನೂ ತಂದು ತಾವೇ ಜೋಡಿಸಿದರು. ಒಬ್ಬರೇ. ಕಂಪ್ಯೂಟರ್ ಎದ್ದಿತು, ಹಳೇ ಹಾರ್ಡ್ ಡಿಸ್ಕ್ ಮಾತ್ರ ಅದಕ್ಕೆ ಕಾಣಲಿಲ್ಲ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಪುಟ್ಟೀ, ಅವಳ ಡಿಸ್ಕ್ ಹೋಯ್ತಮ್ಮ."

ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟೆ. ಪರದೆ ಒಂದು ಬದಿಗೆ ಎಳೆದಿತ್ತು, ಮೇಜಿನ ಆ ಬದಿಯ ಕುರ್ಚಿಯ ಮೇಲೆ ಖಾಲಿ ಡಬ್ಬಿಗಳು. ಡಿಸ್ಕನ್ನು ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿ, ಸ್ಪಂಜು ಸುತ್ತಿ, ಮೇಲೆ ಟೇಪ್ ಅಂಟಿಸಿ ಇಟ್ಟಿದ್ದರು. ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆದುಕೊಡುವವರಿಗೆ ಕಳಿಸಲು. ಕೊರಿಯರ್‌ನವನು ಸಂಜೆ ಬರುವವನಿದ್ದ.

"ಅವರು ಏನು ಮಾಡ್ತಾರೆ ಭಾವ?"

"ಬೇಕಾದ್ರೆ ಮುಚ್ಚಳ ಬಿಚ್ಚಿ ನೋಡ್ತಾರೆ. ಒಪ್ಪಿಗೆ ಕೊಟ್ಟಿದ್ದೀನಿ."

"ಬಿಚ್ಚಿದ್ರೆ ಸಿಗುತ್ತಾ?"

"ಸಿಗಬಹುದು, ಸಿಗದೇ ಇರಬಹುದು. ಬಿಚ್ಚಿದ ಮೇಲೆ ಅದು ಮೊದಲಿನ ಹಾಗೆ ಆಗಲ್ಲ."

"ಇನ್ನೊಂದು ಸಲ ಹಾಕಿ ನೋಡಬಾರದಾ?"

ಅವರು ತಲೆಯಾಡಿಸಿದರು. "ಒಂದು ಕಡೆ ಸಿಕ್ಕಿಸಿದೆ, ಕಾಣಲಿಲ್ಲ. ಕೇಬಲ್ ಬದಲಾಯಿಸಿ ಪಕ್ಕದ್ದಕ್ಕೆ ಹಾಕಿದೆ, ಅಲ್ಲೂ ಇಲ್ಲ. ತಿರುಗೋ ಸದ್ದು ಬರುತ್ತೆ, ಆದರೆ ಡಿಸ್ಕ್ ಇದೆ ಅಂತಾನೇ ಕಂಪ್ಯೂಟರ್ ಒಪ್ಪಲ್ಲ. ಸಾಯ್ತಿರೋ ಡಿಸ್ಕಿಗೆ ಮತ್ತೆ ಮತ್ತೆ ಕರೆಂಟ್ ಕೊಟ್ರೆ ಉಳಿದಿದ್ದೂ ಹೋಗುತ್ತೆ. ಗಿರಾಕಿಗಳಿಗೆ ಬೈದು ಬೈದು ಹೇಳ್ತೀನಿ, ನಾನೇ ಮಾಡ್ಲಾ?"

ಬೇರೆಯವರ ಡಿಸ್ಕ್ ಆಗಿದ್ದರೆ ಇನ್ನೂ ನಾಲ್ಕು ಕಡೆ ಹಾಕಿ ನೋಡುತ್ತಿದ್ದರೋ ಏನೋ. ಇದನ್ನು ಮಾತ್ರ, ಜ್ವರ ಬಂದ ಮಗುವನ್ನು ಅಲುಗಾಡಿಸಲು ಹೆದರುವ ಹಾಗೆ, ಸುತ್ತಿ ಮಲಗಿಸಿಬಿಟ್ಟಿದ್ದರು.

ಮಗಳು ಸ್ಪಂಜಿನ ಚೂರು ಬಾಯಿಗೆ ಹಾಕಿಕೊಳ್ಳಲು ಹೋದಳು, ಕಿತ್ತುಕೊಂಡೆ. ಹಾಗೇ ಬಗ್ಗಿದಾಗ ತೆರೆದಿಟ್ಟ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಕಣ್ಣು ಹೋಯಿತು. ರ‍್ಯಾಮ್‌ಗಳು ಎರಡು. ಒಂದನೇ ಮನೆ, ಎರಡನೇ ಮನೆ. ಅಕ್ಕಪಕ್ಕ.

"ಭಾವ, ಇದು ಎರಡು, ನಾಲ್ಕು ಅಲ್ವಾ?"

ಅವರು ಬಗ್ಗಿ ನೋಡಿದರು. ತಮ್ಮದೇ ಕೈ ಮಾಡಿದ್ದನ್ನು ಬೇರೆ ಯಾರದೋ ಕೆಲಸದಂತೆ ನೋಡಿದರು. "ಹೌದು," ಎಂದರು. "ಹೀಗಿದ್ರೂ ಓಡುತ್ತೆ. ನಿಧಾನ, ಅಷ್ಟೇ. ಎರಡು ಬಾಗಿಲಿದ್ರೂ ಒಂದರಲ್ಲೇ ಓಡಾಡಿದ ಹಾಗೆ."

"ಪುಸ್ತಕ ಓದಲಿಲ್ವಾ?"

ಕುರ್ಚಿಯ ಮೇಲಿನ ಡಬ್ಬಿಯನ್ನು ಕಣ್ಣಿನಲ್ಲೇ ತೋರಿಸಿದರು. ಪುಸ್ತಕ ಅದರ ತಳದಲ್ಲಿತ್ತು, ಪ್ಲಾಸ್ಟಿಕ್ ಕವರನ್ನೂ ಹರಿದಿರಲಿಲ್ಲ.

ಅದನ್ನು ಕೇಳಬಾರದಿತ್ತು. ಇಷ್ಟು ವರ್ಷ ಪುಸ್ತಕ ಎಂದರೆ ಅವರಿಗೆ ಕಾಗದವಲ್ಲ, ಎದುರು ಬದಿಯಿಂದ ಬರುವ ಒಂದು ದನಿ.

ಡಬ್ಬಿಗಳನ್ನು ನೆಲಕ್ಕಿಳಿಸಿ ಆ ಕುರ್ಚಿಯಲ್ಲಿ ಕೂತೆ. ಮಗಳು ಮಡಿಲಲ್ಲಿ. ಭಾವ ಬೇಡವೆನ್ನಲಿಲ್ಲ. ಕವರ್ ಹರಿದು ಓದಿದೆ. ರ‍್ಯಾಮ್ ಪುಟದಲ್ಲಿ ಅಕ್ಕ ಹೇಳುತ್ತಿದ್ದದ್ದೇ ಇತ್ತು, ಚಿತ್ರದ ಸಮೇತ: ಎರಡೇ ಇದ್ದರೆ ಎರಡನೆಯದು, ನಾಲ್ಕನೆಯದು. ಮುಂದಿನ ಪುಟಗಳಲ್ಲಿ ಡಿಸ್ಕುಗಳ ವಿಷಯ. ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸಲು ಆರು ಪೋರ್ಟ್. ಚೂಯಿಂಗ್ ಗಮ್ಮಿನಷ್ಟು ಚಪ್ಪಟೆಯಿರುವ ಹೊಸ ಬಗೆಯ ಡಿಸ್ಕಿಗೆ ಎರಡು ಮನೆ. ಒಂದು ಪ್ರೊಸೆಸರ್ ಹತ್ತಿರ, ಇನ್ನೊಂದು ಕೆಳಗೆ. ಒಂದು ಕೋಷ್ಟಕ. ಕೋಷ್ಟಕದ ಕೆಳಗೆ ಇರುವೆ ಸಾಲಿನಂಥ ಅಕ್ಷರ. ಅದನ್ನು ಎರಡು ಸಲ ಓದಿದೆ.

"ಭಾವ, ಆ ಚಪ್ಪಟೆ ಡಿಸ್ಕ್ ಯಾವ ಮನೇಲಿ ಹಾಕಿದ್ದೀರಿ?"

"ಕೆಳಗಡೇದು. ಮೇಲಿಂದು ಗ್ರಾಫಿಕ್ಸ್ ಕಾರ್ಡಿನ ಅಡೀಲಿದೆ, ಕೈ ಹೋಗಲ್ಲ."

"ಹಾರ್ಡ್ ಡಿಸ್ಕ್ ಎಲ್ಲಿ ಸಿಕ್ಕಿಸಿದ್ರಿ?"

"ಐದನೇದು. ಆಮೇಲೆ ಆರನೇದು. ಅವೇ ಕೈಗೆ ಸಿಗೋದು."

ಬೆರಳಿಟ್ಟು ನಿಧಾನವಾಗಿ ಹೇಳಿದೆ. "ಕೆಳಗಿನ ಮನೆ ತುಂಬಿದ್ರೆ ಐದು, ಆರು ಎರಡೂ ಕೆಲಸ ಮಾಡಲ್ಲ ಅಂತ ಇದೆ. ಮೂರಕ್ಕೂ ಒಂದೇ ದಾರಿ ಅಂತೆ."

ಅವರು ಬಗ್ಗಿ ಕೆಳಗಿನ ಮನೆಯನ್ನೂ ಐದನೇ ಪೋರ್ಟನ್ನೂ ನೋಡಿದರು.

"ಒಂದೇ ನಲ್ಲಿ," ಎಂದರು ಭಾವ ಕೊನೆಗೆ. ಅದು ಅಕ್ಕನ ಮಾತು. ಮುಂದಿನದನ್ನೂ ಅವರೇ ಹೇಳಿದರು: "ಈ ಮನೇಲಿ ತಿರುಗಿಸಿದ್ರೆ ಆ ಮನೇಲಿ ನೀರಿಲ್ಲ."

"ಹಾಗಾದ್ರೆ ಡಿಸ್ಕ್ ಹೋಗಿಲ್ಲ?"

"ಆಸೆ ಹುಟ್ಟಿಸಬೇಡ ಪುಟ್ಟಿ. ಇದೂ ಇರಬಹುದು, ಅದೂ ಇರಬಹುದು. ನಾನಂತೂ ಅದಕ್ಕೆ ಮತ್ತೆ ಕರೆಂಟ್ ಕೊಡಲ್ಲ."

"ಅದಕ್ಕೆ ಕೊಡಬೇಡಿ. ಡ್ರಾಯರಲ್ಲಿ ಖಾಲಿ ಡಿಸ್ಕ್ ಯಾವುದಾದ್ರೂ ಇದೆಯಲ್ಲ, ಚೆನ್ನಾಗಿರೋದು? ಅದನ್ನ ಹಾಕಿ ನೋಡಿ."

ಭಾವ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ಡ್ರಾಯರ್ ಎಳೆದರು.

ಖಾಲಿ ಡಿಸ್ಕನ್ನು ಐದಕ್ಕೆ ಹಾಕಿದರು. ಕಂಪ್ಯೂಟರ್ ಎದ್ದಿತು, ಮಾನಿಟರಿನಲ್ಲಿ ಡಿಸ್ಕುಗಳ ಪಟ್ಟಿ ಬಂತು, ಇದರ ಹೆಸರಿಲ್ಲ. ಸ್ವಿಚ್ ಆರಿಸಿ, ಗೋಡೆಯಿಂದ ವೈರ್ ಕಿತ್ತು, ಒಂದನೇ ಪೋರ್ಟಿಗೆ ಕೈ ಹಾಕಿದರು. ಬೆರಳು ಗ್ರಾಫಿಕ್ಸ್ ಕಾರ್ಡಿಗೆ ತಗುಲಿ ಒಳಗೆ ಹೋಗಲಿಲ್ಲ. ಇಂಥ ಸಂದಿಗೆ ಅಕ್ಕನ ಕೈಯೇ ಹೋಗುತ್ತಿದ್ದದ್ದು. ಮಗಳನ್ನು ಅವರ ತೋಳಿಗೆ ಕೊಟ್ಟು ನಾನು ಕೈ ತೂರಿಸಿ, ಕೇಬಲನ್ನು ಟಕ್ ಎನ್ನುವವರೆಗೆ ಒತ್ತಿದೆ. ಈ ಸಲ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಬಂತು.

ಅವರು ಕೂತಲ್ಲೇ ಸ್ವಲ್ಪ ಹೊತ್ತು ಮಗಳ ಕಾಲಿನ ಗೆಜ್ಜೆಯನ್ನು ಸರಿಮಾಡಿದರು. ಆಮೇಲೆ ಅವಳನ್ನು ನನಗೆ ಕೊಟ್ಟು, ಬ್ಲೇಡ್ ತೆಗೆದುಕೊಂಡು ಪಾರ್ಸೆಲಿನ ಟೇಪ್ ಕುಯ್ದರು.

ರ‍್ಯಾಮ್‌ಗಳನ್ನೂ ಸ್ವಿಚ್ ಆರಿಸಿ ಎರಡಕ್ಕೆ, ನಾಲ್ಕಕ್ಕೆ ಬದಲಾಯಿಸಿದರು, ಒಂದೊಂದನ್ನೂ ಕೂರಿಸುವ ಮೊದಲು ನನ್ನ ಮುಖ ನೋಡಿ. "ಎರಡನೇ ಮನೆ," ಎಂದೆ. ಕೂರಿಸಿದರು. "ನಾಲ್ಕನೇ ಮನೆ." ಕೂರಿಸಿದರು. ಅಕ್ಕನ ಡಿಸ್ಕಿಗೆ ಒಂದನೇ ಪೋರ್ಟಿನ ಕೇಬಲ್ ಸಿಕ್ಕಿಸಿದೆವು. ಪಟ್ಟಿಯಲ್ಲಿ ಅದರ ಹೆಸರು ಬಂದಾಗ ಇಬ್ಬರೂ ನಗಲಿಲ್ಲ. ಆರೋಗ್ಯವಾಗಿದ್ದ ಡಿಸ್ಕ್. ಅದನ್ನು ಬಿಚ್ಚಲು ಒಪ್ಪಿಗೆ ಕೊಟ್ಟಾಗಿತ್ತು.

ಈ ಸಲ ಭಾವ ತಡಮಾಡಲಿಲ್ಲ. ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿದರು, ಆಮೇಲೆ ನನ್ನ ಫೋನಿಗೂ. ನಕಲು ಮುಗಿದ ಮೇಲೆ ಮಗಳನ್ನು ಎತ್ತಿಕೊಂಡು, ಮೌಸನ್ನು ನನ್ನ ಕಡೆಗೆ ತಳ್ಳಿದರು. "ನೀನೇ ಒತ್ತು."

ಯಾವುದೆಂದು ನೋಡದೆ ಕೊನೆಯದನ್ನು ಒತ್ತಿದೆ. ಅಕ್ಕನ ದನಿ ಬಂತು. ತೆಳ್ಳಗಾಗಿತ್ತು, ಆದರೆ ಅವಳದೇ. "ಕೇಳಿಸ್ಕೊಳ್ತಿದ್ದೀಯಾ ಬಂಗಾರ? ಆನೆ ಛತ್ರಿ ಹತ್ತಿರ ಬಂತು. ಮೂಸಿ ನೋಡ್ತು..." ಮಗಳು ಬೆರಳು ಚೀಪುವುದನ್ನು ಬಿಟ್ಟು ದನಿ ಬಂದ ಕಡೆ ತಿರುಗಿದಳು. ಕಥೆ ಸ್ವಲ್ಪ ದೂರ ಹೋಯಿತು. ನಡುವೆ ಕೆಮ್ಮು. ನಿಲ್ಲದ ಕೆಮ್ಮು. ಆಮೇಲೆ ಮೈಕಿನಿಂದ ದೂರಕ್ಕೆ ತಿರುಗಿ ಅಂದಂತೆ: "ರೀ, ಸ್ವಲ್ಪ ನೀರು ಕೊಡ್ತೀರಾ."

ಭಾವ ಎದ್ದು ನಿಂತಿದ್ದರು. ಮಗಳನ್ನು ಎದೆಗವಚಿಕೊಂಡೇ ಪರದೆಯವರೆಗೂ ಹೋಗಿದ್ದರು.

"ಬಂದೆ," ಎಂದಿತು ರೆಕಾರ್ಡಿನಲ್ಲಿ ಅವರದೇ ದನಿ, ಒಳಕೋಣೆಯಿಂದ. ಲೋಟದ ಸದ್ದು. ರೆಕಾರ್ಡ್ ಅಲ್ಲಿಗೆ ನಿಂತಿತು. ಆನೆ ಛತ್ರಿಯನ್ನು ಏನು ಮಾಡಿತೋ, ಇನ್ನು ಯಾರೂ ಹೇಳುವವರಿಲ್ಲ.

ಪರದೆ ಸರಿಸಲೆತ್ತಿದ ಕೈಯನ್ನು ಭಾವ ಇಳಿಸಿದರು. ಆಮೇಲೆ ವಾಪಸ್ ಬಂದು, ಮಗಳನ್ನು ನನಗೆ ಕೊಟ್ಟು, ಪೆಟ್ಟಿಗೆಯ ಬದಿಯ ತಗಡನ್ನು ಮುಚ್ಚಿ ಸ್ಕ್ರೂ ಬಿಗಿಮಾಡತೊಡಗಿದರು. ಕೊರಿಯರ್‌ನವನು ಬಾಗಿಲಲ್ಲಿ ಬಂದು, "ಪಾರ್ಸೆಲ್ ಇದೆ ಅಂದಿದ್ರಿ" ಎಂದ.

"ಇಲ್ಲಪ್ಪ," ಎಂದರು, ತಲೆಯೆತ್ತದೆ. "ಇಲ್ಲೇ ಇರುತ್ತೆ."