‘ಹೌದು’ ಎಂದವರು ಯಾರು

ನಮ್ಮ ಕಾರ್ಖಾನೆಯಲ್ಲಿ ಈಗಲೂ ಓಡಾಡುವ ಕಥೆ ಹೀಗಿದೆ: ಕ್ವಾಲಿಟಿ ವಿಭಾಗದ ಅಣ್ಣ ಗಿರಾಕಿ ಕಂಪನಿಗೆ ಮೇಲ್ ಬರೆದ, ಸಿಕ್ಕಿಬಿದ್ದ, ತಾನೇ ಒಪ್ಪಿಕೊಂಡ, ಕಂಪನಿ ದೊಡ್ಡ ಮನಸ್ಸು ಮಾಡಿ ಕ್ಷಮಿಸಿತು. ಬಾಶೆಟ್ಟಿಹಳ್ಳಿಗೆ ಬರುವ ಬಸ್ಸಿನಲ್ಲಿ ಇದನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಹೇಳುವವರಿಗೆಲ್ಲ ಕೊನೆಯ ಭಾಗವೇ ಇಷ್ಟ, ಆ ದೊಡ್ಡ ಮನಸ್ಸಿನದು. ಆ ಮನಸ್ಸು ವಿಚಾರಣೆಯ ಕೋಣೆಯಲ್ಲಿ ಎಲ್ಲಿ ಕೂತಿತ್ತು ಎಂದು ನನಗೆ ಕಾಣಲಿಲ್ಲ. ನಾನು ಅಲ್ಲೇ ಇದ್ದೆ.

ಅಣ್ಣ ಸೂಲಿಬೆಲೆ ಕಡೆಯವರು. ಮನೆಯಲ್ಲಿ ನಾಲ್ಕು ಹಸು, ಇಲ್ಲಿ ಹದಿನಾರು ವರ್ಷದ ನೌಕರಿ. ರಬ್ಬರ್ ಸೀಲುಗಳನ್ನು ಅಳೆದು, ಎಳೆದು, ಪಾಸು ಫೇಲು ಬರೆಯುವುದು ಅವರ ಕೆಲಸ. ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿದ್ದೆ. ಒಂದು ಬೆಳಿಗ್ಗೆ ಗೇಟಿನಲ್ಲೇ ಅವರ ಕೈಗೆ ಸಸ್ಪೆನ್ಷನ್ ಕಾಗದ ಕೊಟ್ಟರು. ಅವರ ಹೆಸರಿನಿಂದ, ಕಂಪನಿ ಕೊಟ್ಟ ಐಡಿಯಿಂದಲೇ, ಗಿರಾಕಿಗೆ ಮೇಲ್ ಹೋಗಿತ್ತಂತೆ: ಇಲ್ಲಿ ಪರೀಕ್ಷೆ ಮಾಡದೆ ವರದಿ ಬರೆಯುತ್ತಾರೆ ಎಂದು. ನಮ್ಮ ಎಚ್ಆರ್ ಮ್ಯಾನೇಜರಿಗೂ ಅದರ ಒಂದು ಪ್ರತಿ ಬಂದಿತ್ತು. ಆರೋಪ ಸಾಬೀತಾದರೆ ನೌಕರಿ ಹೋಯಿತು.

ಇಂಥ ವಿಚಾರಣೆಯಲ್ಲಿ ಆರೋಪಿಯ ಪರವಾಗಿ ಮಾತಾಡಲು ಸಹೋದ್ಯೋಗಿಯೊಬ್ಬರನ್ನು ಇಟ್ಟುಕೊಳ್ಳಬಹುದು. ಹಿರಿಯರೆಲ್ಲ ಅಂದೇ ಜ್ವರ ಹಿಡಿದವರಂತೆ ರಜೆ ಹಾಕಿದರು. ಅಣ್ಣ ನನ್ನನ್ನು ಕ್ಯಾಂಟೀನಿನ ಹಿಂದೆ ಕರೆದು ಕೇಳಿದರು.

“ನೀನು ಕಾಲೇಜಲ್ಲಿ ಚರ್ಚಾಸ್ಪರ್ಧೆ ಗೆದ್ದವಳಂತಲ್ಲವ್ವಾ?”

“ಗೆದ್ದಿದ್ದೀನಿ ಅಣ್ಣ. ಸೋತೂ ಇದ್ದೀನಿ.”

“ಸೋತಿದ್ದು ಅಲ್ಲಿ ಹೇಳ್ಬೇಡ.”

“ನಿಜ ಹೇಳಿ, ಕಳಿಸಿದ್ರಾ?”

“ನಾನಾ? ಮೇಲ್‌ನಲ್ಲಿ ಬರೋ ನನ್ನ ಸಂಬಳದ ಚೀಟೀನೇ ನಿನ್ ಕೈಲಿ ತೆಗೆಸ್ಕೋತೀನಿ.”

ಅದು ವಾದವಲ್ಲ. ಮೇಲ್ ತೆಗೆಯಲು ಬರದವರೆಂದು ಹೇಳಿಕೊಳ್ಳುವವರೆಲ್ಲ ತೆಗೆಯಲು ಬರದವರಲ್ಲ. ಅದನ್ನು ಅವರಿಗೂ ಹೇಳಿದೆ. ಅವರು “ನೀನು ನನ್ ಕಡೆಯೋ ಅವ್ರ ಕಡೆಯೋ?” ಎಂದರು.

ವಿಚಾರಣಾಧಿಕಾರಿಯಾಗಿ ದೊಡ್ಡಬಳ್ಳಾಪುರದ ವಕೀಲರೊಬ್ಬರನ್ನು ನೇಮಿಸಿದ್ದರು. ಎಚ್ಆರ್ ಮ್ಯಾನೇಜರ್ ಕಂಪನಿಯ ಪರ. ಅವರ ಕಡತದಲ್ಲಿ ಎರಡು ಸ್ಕ್ರೀನ್‌ಶಾಟ್‌ಗಳ ಪ್ರಿಂಟು. ಮೊದಲನೆಯದು ಮೊಬೈಲಿನದು, ಅದರಲ್ಲಿ ಅಣ್ಣನ ಹೆಸರು ಬಿಟ್ಟರೆ ಇನ್ನೇನಿಲ್ಲ. ಹೆಸರಿನ ಜಾಗದಲ್ಲಿ ಕಳಿಸುವವರು ಏನು ಬೇಕಾದರೂ ತುಂಬಬಹುದು. ಅದಿಷ್ಟೇ ಇದ್ದಿದ್ದರೆ ನಾನು ಗಾಳಿಯ ಜೊತೆ ವಾದಿಸಬೇಕಾಗಿತ್ತು. ಆದರೆ ಮ್ಯಾನೇಜರಿಗೆ ಸಾಕ್ಷಿ ದಪ್ಪಗಿರಬೇಕೆಂಬ ಆಸೆ. ಕಂಪ್ಯೂಟರಿನಲ್ಲಿ ಹೆಸರಿನ ಪಕ್ಕದ ಪುಟ್ಟ ಬಾಣ ಒತ್ತಿ, ಕೆಳಗಿಳಿದ ವಿವರಗಳ ಪೆಟ್ಟಿಗೆ ಸಮೇತ ಎರಡನೆಯ ಚಿತ್ರ ತೆಗೆದಿದ್ದರು. ಸಾಲು ಹೆಚ್ಚಿದ್ದಷ್ಟೂ ಸಾಕ್ಷಿ ಗಟ್ಟಿ ಎಂದುಕೊಂಡಿರಬೇಕು. ಆ ಸಾಲುಗಳನ್ನು ಓದುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಟ್ಟಿದ್ದರು.

ನಾನು ಓದಿದೆ. ‘ಫ್ರಮ್’ ಎಂಬಲ್ಲಿ ಅಣ್ಣನ ಕಂಪನಿ ಐಡಿ, ಸರಿಯಾಗಿಯೇ ಇದೆ. ಕೆಳಗೆ ‘ರಿಪ್ಲೈ-ಟು’, ಅಲ್ಲಿ ಕಂಪನಿಯದ್ದಲ್ಲದ, ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಒಂದು ಐಡಿ. ಮೇಲನ್ನು ಒಯ್ದವರು ಯಾರೆಂದು ಹೇಳುವ ‘ಮೇಲ್ಡ್-ಬೈ’, ಅದಕ್ಕೆ ರುಜು ಹಾಕಿದವರು ಯಾರೆಂದು ಹೇಳುವ ‘ಸೈನ್ಡ್-ಬೈ’ ಸಾಲುಗಳಲ್ಲಿ ನಾವು ಯಾರೂ ಕೇಳದ ಒಂದು ವೆಬ್‌ಸೈಟಿನ ವಿಳಾಸ.

“ಫ್ರಮ್ ಅಲ್ಲೇ ಅವರ ಐಡಿ ಇದೆಯಲ್ಲಮ್ಮಾ, ಇನ್ನೇನು ಬೇಕು?” ಎಂದರು ಮ್ಯಾನೇಜರ್.

“ಲಕೋಟೆ ಹಿಂದೆ ‘ಇಂದ’ ಅಂತ ನಿಮ್ಮ ಹೆಸರು ನಾನೂ ಬರೀಬಹುದು ಸರ್. ಅಂಚೆಯವರು ಬೇಡ ಅನ್ನಲ್ಲ. ಯಾವ ಅಂಚೆ ಕಚೇರಿ ಮೊಹರು ಬಿದ್ದಿದೆ ನೋಡಿ.”

ಅವರು ನಕ್ಕರು. ಅದಕ್ಕೆ ಉತ್ತರ ಅವರಲ್ಲಿ ಸಿದ್ಧವಿತ್ತು, ಒಳ್ಳೆಯ ಉತ್ತರವೇ. “ನಮ್ಮ ಸಂಬಳದ ಚೀಟಿ ತರೋ ಮೇಲ್ ಕೂಡ ಬೇರೆಯವರ ಸರ್ವರ್‌ನಿಂದಲೇ ಬರತ್ತೆ. ಅದೂ ಸುಳ್ಳಾ?”

“ತೆಗೀರಿ ಸರ್, ನೋಡೋಣ. ಇದನ್ನೂ ತೆಗೀರಿ. ಪ್ರಿಂಟು ಬೇಡ, ಚಿತ್ರವನ್ನ ಯಾರು ಬೇಕಾದ್ರೂ ತಿದ್ದಬಹುದು. ನಿಮ್ಮ ಇನ್‌ಬಾಕ್ಸಲ್ಲಿರೋದನ್ನೇ.”

ವಕೀಲರು ಕನ್ನಡಕ ಏರಿಸಿ “ತೆಗೀರಿ” ಎಂದರು. ಮ್ಯಾನೇಜರ್ ಲ್ಯಾಪ್‌ಟಾಪ್ ತಿರುಗಿಸಿದರು. ಸಂಬಳದ ಮೇಲನ್ನು ಒಯ್ದದ್ದು ಬೇರೆ ಸರ್ವರ್, ನಿಜ. ಆದರೆ ‘ಸೈನ್ಡ್-ಬೈ’ ಸಾಲಿನಲ್ಲಿ ನಮ್ಮ ಕಂಪನಿಯದೇ ವಿಳಾಸ. ಅಂದರೆ ನಮ್ಮ ಹೆಸರಲ್ಲಿ ಕಳಿಸಲು ನಾವೇ ಅವರಿಗೆ ರುಜುವಿನ ಅಧಿಕಾರ ಕೊಟ್ಟಿದ್ದೇವೆ. ಅಣ್ಣನ ಹೆಸರಿನ ಮೇಲನ್ನು ಒಯ್ದದ್ದೂ ಆ ವೆಬ್‌ಸೈಟು, ರುಜು ಹಾಕಿದ್ದೂ ಅದೇ. ನಮ್ಮ ಕಂಪನಿಯದೆಂದು ಹೇಳುವುದು ‘ಫ್ರಮ್’ ಸಾಲೊಂದೇ.

“ಇವರೇ ಆ ವೆಬ್‌ಸೈಟಿಂದ ಕಳಿಸಿರಬಹುದಲ್ಲ?” ಎಂದರು ಮ್ಯಾನೇಜರ್. “ಉತ್ತರ ಕಂಪನಿ ಕಣ್ಣಿಗೆ ಬೀಳದೇ ಇರಲಿ ಅಂತ ಬೇರೆ ಐಡಿಗೆ ತಿರುಗಿಸಿರಬಹುದಲ್ಲ?”

ಇರಬಹುದು. ಅಣ್ಣನ ಮುಖ ನೋಡದೆ ಅದನ್ನು ಒಪ್ಪಿಕೊಂಡೆ. ‘ರಿಪ್ಲೈ-ಟು’ ಬೇರೆ ಇದ್ದ ಮಾತ್ರಕ್ಕೆ ಮೋಸವಲ್ಲ. ಎಷ್ಟೋ ಕಚೇರಿಗಳು ಒಂದು ಐಡಿಯಿಂದ ಕಳಿಸಿ ಇನ್ನೊಂದರಲ್ಲಿ ಉತ್ತರ ಪಡೆಯುತ್ತವೆ. “ಆದರೆ ಕಂಪನಿಗೆ ಗೊತ್ತಾಗಬಾರದು ಅನ್ನೋರು ನಿಮಗೇ ಯಾಕೆ ಒಂದು ಪ್ರತಿ ಕಳಿಸ್ತಾರೆ ಸರ್? ಅದೂ ಸ್ವಂತ ಹೆಸರು ಹಾಕ್ಕೊಂಡು?”

ಮ್ಯಾನೇಜರ್ ಕಡತದ ಕೊನೆಯ ಹಾಳೆ ತೆಗೆದು ಮೇಜಿನ ಮೇಲೆ ಬಡಿದರು. ಅದೇ ಅವರ ತುರುಪು. “ಇದೆಲ್ಲ ಯಾಕೆ? ನಾನೇ ಬರೆದು ಕೇಳಿದೆ, ‘ಇದು ನೀವೇ ಕಳಿಸಿದ್ದಾ’ ಅಂತ. ‘ಹೌದು’ ಅಂತ ಉತ್ತರ ಬಂತು. ಒಪ್ಪಿಕೊಂಡಾಯ್ತಲ್ಲ.”

ಆ ಒಂದು ಪದದ ಮೇಲೆ ಹದಿನಾರು ವರ್ಷದ ನೌಕರಿಯನ್ನು ಮುಗಿಸಲು ಹೊರಟಿದ್ದರು.

“ನೀವು ಆ ಪ್ರಶ್ನೆ ಕೇಳುವಾಗ ಅವರ ಐಡಿ ಟೈಪ್ ಮಾಡಿದ್ರಾ ಸರ್?”

“ಯಾಕ್ ಟೈಪ್ ಮಾಡ್ಲಿ? ಅದೇ ಮೇಲಿಗೆ ರಿಪ್ಲೈ ಒತ್ತಿದೆ.”

ನನಗೆ ಆ ಕ್ಷಣದಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ತಿರಸ್ಕಾರವೇ ಬಂತು. ಒಬ್ಬ ಮನುಷ್ಯನನ್ನು ಗೇಟಿನಾಚೆ ನಿಲ್ಲಿಸಿದ ಅಧಿಕಾರಿ. ಆ ಮನುಷ್ಯ ಕೂರುವ ಮೇಜು ಇವರ ಕೋಣೆಯಿಂದ ಎಪ್ಪತ್ತು ಹೆಜ್ಜೆ. ಎದ್ದು ಹೋಗಿ ಕೇಳಲಿಲ್ಲ. ನಮ್ಮಲ್ಲಿ ಯಾರೂ ಎದ್ದು ಹೋಗಿ ಕೇಳುವುದಿಲ್ಲ. ಪಕ್ಕದ ಕುರ್ಚಿಯವರಿಗೂ ಮೇಲ್ ಹಾಕಿ ‘ದಾಖಲೆ ಇರಲಿ’ ಎನ್ನುವುದೇ ಪದ್ಧತಿ.

“ಕಳಿಸಿದ್ದನ್ನ ತೆಗೀರಿ ಸರ್. ‘ಟು’ ಅಲ್ಲಿ ಏನಿದೆ ಓದಿ.”

ಅವರು ತೆಗೆದರು. ವಕೀಲರೇ ಬಗ್ಗಿ ನೋಡಿ, ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು. ‘ರಿಪ್ಲೈ-ಟು’ ಸಾಲಿನಲ್ಲಿದ್ದ ಅದೇ ಪುಕ್ಕಟೆ ಐಡಿ. ರಿಪ್ಲೈ ಒತ್ತಿದರೆ ಹೋಗುವುದು ಅಲ್ಲಿಗೇ. ‘ಹೌದು’ ಬಂದದ್ದೂ ಆ ಐಡಿಯಿಂದಲೇ.

“ಇದು ಇವರದ್ದು ಅನ್ನೋಕೆ ಏನಾದ್ರೂ ಇದೆಯಾ?” ವಕೀಲರು ಕೇಳಿದರು.

“ಹೆಸರಿದೆಯಲ್ಲ ಸರ್.”

“ಹೆಸರು ಬಿಡಿ. ಬೇರೇನು?”

ಬೇರೇನೂ ಇರಲಿಲ್ಲ. ಅಣ್ಣ ಕಳಿಸಲಿಲ್ಲವೆಂದು ನಾನು ಸಾಬೀತು ಮಾಡಲಿಲ್ಲ, ಈಗಲೂ ಹಾಗೆನ್ನುವುದಿಲ್ಲ. ಕಳಿಸಿದರು ಎನ್ನಲು ಕಂಪನಿಯ ಬಳಿ ಏನೂ ಇರಲಿಲ್ಲ, ಅಷ್ಟೇ. ವಕೀಲರು ಬರೆದದ್ದೂ ಅದನ್ನೇ: ಆರೋಪ ಸಾಬೀತಾಗಿಲ್ಲ. ಅದರಲ್ಲಿ ಕ್ಷಮೆ ಎಂಬ ಪದ ಎಲ್ಲೂ ಇಲ್ಲ. ಅಣ್ಣ ಸೋಮವಾರ ಕೆಲಸಕ್ಕೆ ಬಂದು, ತಮ್ಮ ಅಳತೆಯ ಕೋಲು ಯಾರು ತೆಗೆದುಕೊಂಡರೆಂದು ಎಲ್ಲರನ್ನೂ ಬೈದರು.

“ಒಂದು ಗಳಿಗೆ ನೀನು ಅವ್ರ ಕಡೆ ಹೋಗ್ಬಿಟ್ಟೆ ಅನ್ಕೊಂಡೆ ಕಣವ್ವಾ” ಎಂದರು ನನಗೆ. ಥ್ಯಾಂಕ್ಸ್ ಹೇಳಲಿಲ್ಲ. ಮಧ್ಯಾಹ್ನ ಮನೆಯ ಗಿಣ್ಣು ತಂದು ಮೇಜಿನ ಮೇಲಿಟ್ಟರು.

ಮ್ಯಾನೇಜರ್ ಕಡತ ಮುಚ್ಚಿದರು. ಆ ಐಡಿಯ ಹಿಂದೆ ಯಾರಿದ್ದರು ಎಂದು ಹುಡುಕುವ ಆಸಕ್ತಿ ಅವರಿಗಿರಲಿಲ್ಲ. ಆರೋಪಿ ಸಿಕ್ಕಾಗ ಇದ್ದ ಹುರುಪು ಆರೋಪಿ ಕೈ ತಪ್ಪಿದ ಕೂಡಲೇ ಇಳಿದುಹೋಯಿತು. ಬಸ್ಸಿನ ಕಥೆಗೆ ‘ಕ್ಷಮೆ’ ಸೇರಿದ್ದು ಆಮೇಲೆ. ಎಲ್ಲಿಂದ ಸೇರಿತೆಂದು ನನಗೆ ಅನುಮಾನವಿದೆ, ಪುರಾವೆಯಿಲ್ಲ, ಹಾಗಾಗಿ ಬರೆಯುವುದಿಲ್ಲ.

ಕಳೆದ ವಾರ ಕ್ಯಾಂಟೀನಿನಲ್ಲಿ ಮ್ಯಾನೇಜರ್ ಒಬ್ಬರೇ ಕೂತಿದ್ದರು. ತಟ್ಟೆ ಹಿಡಿದು ಎದುರಿಗೆ ಹೋಗಿ ಕೂತೆ.

“ಸರ್, ಒಂದೇ ಪ್ರಶ್ನೆ. ಆ ದಿನ ನೀವು ಕೇಳಿದ್ದಕ್ಕೆ ‘ಹೌದು’ ಅಂದಿದ್ದು ಯಾರು?”