ವಿಮಲಾಕ್ಷಿಯವರ ಪಕ್ಕದ ಕುರ್ಚಿ

ಇಂದಿರಾನಗರದ ನಮ್ಮ ಆಫೀಸಿನಲ್ಲಿ ವಿಮಲಾಕ್ಷಿಯವರ ಮೇಜಿನ ಎದುರು ಕುರ್ಚಿ ಇಲ್ಲ. ಇರುವುದು ಪಕ್ಕದಲ್ಲಿ. ಕಂಪನಿಗೆ ಸಾಮಾನು ಒದಗಿಸುವವರು, ಅಂದರೆ ನಾವು ವೆಂಡರ್ ಅನ್ನುವವರು, ಯಾರೇ ದೂರು ತಂದರೂ ಆ ಕುರ್ಚಿಯಲ್ಲಿ ಕೂರಬೇಕು. ಕೂತು, ಮೊದಲಾದರೆ ಕಾಗದದ ಮೇಲೆ, ಈಗ ತಮ್ಮದೇ ಫೋನಿನಲ್ಲಿ, ಮನೆಯಲ್ಲಿ ಹೇಗೆ ಮಾಡಿದ್ದರೋ ಹಾಗೆಯೇ ಮಾಡಿ ತೋರಿಸಬೇಕು. ಅವರು ಮಾಡುತ್ತಿದ್ದಷ್ಟು ಹೊತ್ತೂ ವಿಮಲಾಕ್ಷಿ ತುಟಿ ಬಿಚ್ಚುವುದಿಲ್ಲ. "ಬಾಯಲ್ಲಿ ಹೇಳೋದು ಅರ್ಧ ಬಿಟ್ಟುಹೋಗಿರ್ತತಿ ಯಮುನಾ, ಕೈ ನೋಡ್ಬೇಕು," ಎಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಳಿದ್ದರು. ನಾನು ಕೆ.ಆರ್. ಪುರದವಳು, ಬಾಯಿ ಮುಚ್ಚಿಕೊಂಡು ನೋಡುವುದು ನನಗೆ ಹುಟ್ಟಿನಿಂದಲೇ ಬಂದಿಲ್ಲ. ಅವರ ಬಳಿ ಕಲಿಯಲು ಸಾಕಷ್ಟು ದಿನ ಬೇಕಾಯಿತು.

ವಿಮಲಾಕ್ಷಿ ದಾವಣಗೆರೆಯವರು. ಮದುವೆಯಾಗಿ ಜೀವನ್ ಬಿಮಾ ನಗರಕ್ಕೆ ಬಂದು ತಲೆ ನರೆಯುವಷ್ಟು ಕಾಲವಾದರೂ ಮಾತು ಮಾತ್ರ ಊರು ಬಿಟ್ಟು ಬಂದಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮ್ಯಾನೇಜರುಗಳು ಬಂದರು, ಹೋದರು. ವೆಂಡರ್ ಡೆಸ್ಕಿನಲ್ಲಿ ಅವರು ಅಲುಗಾಡಲಿಲ್ಲ. ಅವರನ್ನು ಹೆದರಿಸಿದವರನ್ನು ನಾನಿನ್ನೂ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ.

ಮೊದಲೆಲ್ಲ ವೆಂಡರುಗಳು ಕಾಗದ ತಂದುಕೊಡುತ್ತಿದ್ದರು, ನಾವೇ ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಈ ವರ್ಷ ಅದಕ್ಕೊಂದು ಹೊಸ ವೆಬ್‌ಸೈಟ್ ಬಂತು. ಇನ್ನು ಮೇಲೆ ವೆಂಡರುಗಳೇ ತಮ್ಮ ಫಾರ್ಮ್ ತುಂಬಬೇಕು, ತುಂಬಿದ್ದೆಲ್ಲ ನಿಜ ಎಂಬ ಹೇಳಿಕೆಗೆ ತಾವೇ ಒಪ್ಪಿಗೆ ಕೊಡಬೇಕು, ನಾವು ಅವರ ಪರವಾಗಿ ಒಂದಕ್ಷರವನ್ನೂ ಒತ್ತುವಂತಿಲ್ಲ. ಜಿಎಸ್‌ಟಿ ನಂಬರ್ ಪದೇ ಪದೇ ತಪ್ಪಾದರೆ ಅವರ ಖಾತೆಗೆ ಬೀಗ ಬೀಳುತ್ತದೆ. ಬೀಗ ತೆಗೆಸಬೇಕಾದರೆ "ನಾನು ತಪ್ಪು ನಂಬರ್ ಸಲ್ಲಿಸಿದ್ದೇನೆ, ಕ್ಷಮಿಸಿ" ಎಂದು ಸಹಿ ಮಾಡಿದ ಪತ್ರ ಕೊಡಬೇಕು. ಇದು ಖರೀದಿ ವಿಭಾಗದ ಮುಖ್ಯಸ್ಥ ಪ್ರೇಮ್‌ಕುಮಾರ್ ಅವರ ಕಾನೂನು. ಆ ಪತ್ರ ವೆಂಡರಿನ ಫೈಲಿನಲ್ಲಿ ಶಾಶ್ವತವಾಗಿ ಕೂರುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ಹಲಸೂರಿನ ಹಂಸಾ ಬಂದರು. ಅವರ ಅಜ್ಜನ ಕಾಲಕ್ಕೆ ಕೆರೆಯ ಆಚೆ ರಾಗಿ ಹೊಲ ಇತ್ತಂತೆ. ಈಗ ಆ ಜಾಗದಲ್ಲಿ ಬಾಡಿಗೆ ಮನೆಗಳು, ಕೆಳಗಿನ ಮನೆಯಲ್ಲಿ ಹಂಸಾರ ಅಡುಗೆ ವ್ಯಾಪಾರ. ಮುದ್ದೆ, ಬಸ್ಸಾರು, ಅವರೆಕಾಳಿನ ಹುಳಿ. ಸುತ್ತಲಿನ ಅಂಗಡಿಗಳಿಗೆ, ಬ್ಯಾಂಕಿಗೆ ಊಟ ಕಳಿಸುತ್ತಿದ್ದವರು ಮೊದಲ ಸಲ ದೊಡ್ಡ ಕಂಪನಿಯೊಂದರ, ಅಂದರೆ ನಮ್ಮದರ, ಕ್ಯಾಂಟೀನ್ ಗುತ್ತಿಗೆಗೆ ಕೈಹಾಕಿದ್ದರು. ಅಂದು ಸಂಜೆ ಆಫೀಸು ಮುಚ್ಚುವುದರೊಳಗೆ ವೆಂಡರ್ ಪಟ್ಟಿಯಲ್ಲಿ ಯಾರ ಹೆಸರಿರುತ್ತದೋ ಅವರ ಊಟ ಮಾತ್ರ ರುಚಿ ನೋಡುವ ಸುತ್ತಿಗೆ ಬರುತ್ತಿತ್ತು. ಹಂಸಾರ ಹೆಸರು ಇರಲಿಲ್ಲ. ಅವರ ಖಾತೆಗೆ ಬೀಗ ಬಿದ್ದಿತ್ತು.

"ಮೇಡಂ, ನಂಬರ್ ಸರಿಯಾಗೇ ಇದೆ. ಸರ್ಟಿಫಿಕೇಟ್ ಪಕ್ಕದಲ್ಲಿಟ್ಕೊಂಡು ಒಂದೊಂದಕ್ಷರ ನೋಡ್ಕೊಂಡು ಹಾಕಿದ್ದೀನಿ. ಆದ್ರೂ ಸುಳ್ಳು ನಂಬರ್ ಅನ್ನೋ ಥರ ಆಡುತ್ತೆ ನಿಮ್ ಫಾರ್ಮು," ಎಂದರು. ಅಳುವ ದನಿಯಲ್ಲ. ಜಗಳಕ್ಕೆ ಬಂದ ದನಿ. ನನಗೆ ಅಲ್ಲೇ ಇಷ್ಟವಾದರು.

ವಿಮಲಾಕ್ಷಿ ಮೊದಲು ಸರ್ಕಾರದ ಜಿಎಸ್‌ಟಿ ತಾಣದಲ್ಲಿ ಆ ನಂಬರನ್ನು ಹುಡುಕಿದರು. ಹಂಸಾರ ಹೆಸರು, ಹಲಸೂರಿನ ವಿಳಾಸ, ನೋಂದಣಿ ಚಾಲ್ತಿಯಲ್ಲಿದೆ ಎಂಬ ಮಾತು, ಎಲ್ಲ ಬಂತು. ನಂಬರ್ ಅಪ್ಪಟವಾಗಿತ್ತು. "ಬರ್ರಿ, ಕೂಡ್ರಿ," ಎಂದು ಪಕ್ಕದ ಕುರ್ಚಿ ತೋರಿಸಿದರು.

ಖಾತೆಗೆ ಬೀಗ ಬಿದ್ದಿದ್ದರಿಂದ ಅಸಲಿ ಫಾರ್ಮ್ ತೆರೆಯುತ್ತಿರಲಿಲ್ಲ. ನಾವು ಪರೀಕ್ಷೆಗೆಂದು ಇಟ್ಟುಕೊಂಡ ನಕಲು ಫಾರ್ಮನ್ನು ವಿಮಲಾಕ್ಷಿ ಹಂಸಾರ ಫೋನಿನಲ್ಲಿ ತೆರೆದುಕೊಟ್ಟರು. ಹಂಸಾ ಒತ್ತಿದರು. ಮೊದಲು ಕರ್ನಾಟಕದ ಇಪ್ಪತ್ತೊಂಬತ್ತು, ಆಮೇಲೆ ಅವರ ಪ್ಯಾನ್ ನಂಬರ್, ಕೊನೆಗೆ ಉಳಿದ ಮೂರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರವೆಲ್ಲ ದೊಡ್ಡಕ್ಷರದಲ್ಲೇ, ಅಂದರೆ ಕ್ಯಾಪಿಟಲ್‌ನಲ್ಲೇ, ಕಾಣಿಸಿತು, ಸರ್ಟಿಫಿಕೇಟಿನಲ್ಲಿದ್ದ ಹಾಗೆಯೇ. ಕೆಳಗೆ ಕೆಂಪಗೆ "ನಂಬರ್ ಅಮಾನ್ಯ" ಎಂದು ಬಂತು. ವಿಮಲಾಕ್ಷಿ ತಮ್ಮ ಕಂಪ್ಯೂಟರಿನಲ್ಲಿ ಅದೇ ನಕಲು ಫಾರ್ಮ್ ತೆಗೆದು, ದೊಡ್ಡಕ್ಷರದ ಬಟನ್ ಒತ್ತಿಟ್ಟುಕೊಂಡು, ಅದೇ ನಂಬರ್ ಹಾಕಿದರು. ಒಂದೇ ಏಟಿಗೆ ಒಪ್ಪಿತು.

ಎರಡು ಪರದೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಕೂದಲೆಳೆಯ ವ್ಯತ್ಯಾಸವೂ ಇಲ್ಲ. "ಮನೇಲಿ ದೃಷ್ಟಿ ತೆಗೀಬೇಕು ಅನ್ಸುತ್ತೆ," ಎಂದೆ. ಹಂಸಾ ನಕ್ಕರು. ವಿಮಲಾಕ್ಷಿ ನಗಲಿಲ್ಲ.

"ಇನ್ನೊಮ್ಮೆ ಹಾಕ್ರಿ. ನಿಧಾನಕ್ಕೆ."

ಈ ಸಲ ಅವರು ಫಾರ್ಮನ್ನು ನೋಡಲೇ ಇಲ್ಲ, ಹಂಸಾರ ಹೆಬ್ಬೆರಳನ್ನು ನೋಡಿದರು. ನಂಬರ್ ಅಂಕಿಯಿಂದ ಶುರುವಾಗುವುದರಿಂದ ಫೋನು ತಾನಾಗಿ ದೊಡ್ಡಕ್ಷರಕ್ಕೆ ಹೋಗುತ್ತಿರಲಿಲ್ಲ. ಕೀಲಿಗಳ ಮೇಲಿದ್ದದ್ದು ಸಣ್ಣಕ್ಷರ. ಹಂಸಾ ಒತ್ತಿದ್ದೂ ಸಣ್ಣಕ್ಷರ. ಫಾರ್ಮಿನ ಪೆಟ್ಟಿಗೆಯಲ್ಲಿ ಮಾತ್ರ ದೊಡ್ಡಕ್ಷರ ಕಾಣುತ್ತಿತ್ತು.

"ಯಮುನಾ, ಕೇದಾರನ್ನ ಕರಿ."

ಕೇದಾರ್ ನಮ್ಮ ಫಾರ್ಮ್ ಕಟ್ಟಿದ ಹುಡುಗ. ಒಳ್ಳೆಯವನೇ, ಆದರೆ "ನನ್ ಲ್ಯಾಪ್‌ಟಾಪಲ್ಲಿ ಸರಿಯಾಗೇ ಇದೆ" ಅನ್ನುವುದು ಅವನ ನಿತ್ಯದ ಜಪ. ಬಂದವನು ಅದನ್ನೇ ಅಂದ. ವಿಮಲಾಕ್ಷಿ ಅವನನ್ನು ಕುರ್ಚಿಯ ಹಿಂದೆ ನಿಲ್ಲಿಸಿ, ಹಂಸಾರ ಕೈಯಲ್ಲಿ ಮತ್ತೆ ಒತ್ತಿಸಿದರು. ಅವನ ಮುಖ ನಿಧಾನವಾಗಿ ಬದಲಾಯಿತು. ಲ್ಯಾಪ್‌ಟಾಪ್ ತೆರೆದು, ಫೋನಿನಿಂದ ಬಂದ ಅಕ್ಷರ ಯಾವುದೆಂದು ನೋಡಿದ. ಎಲ್ಲವೂ ಸಣ್ಣಕ್ಷರ.

"ಅಯ್ಯೋ. ಮೇಡಂ, ಸಣ್ಣಕ್ಷರ ನೋಡೋಕೆ ಚೆನ್ನಾಗಿಲ್ಲ ಅಂತ ಪ್ರೇಮ್‌ಕುಮಾರ್ ಸರ್ ಹೇಳಿದ್ರು. ಅದಕ್ಕೆ ದೊಡ್ಡದಾಗಿ ಕಾಣೋ ಹಾಗೆ ಮಾಡಿದ್ದೆ. ಬರೀ ತೋರಿಕೆಗೆ. ಒಳಗೆ ಒತ್ತಿದ್ದು ಒತ್ತಿದ ಹಾಗೇ ಇರುತ್ತೆ. ನಂಬರ್ ಪರೀಕ್ಷೆ ಮಾಡೋ ಕೋಡಿನ ಸಾಲು ದೊಡ್ಡಕ್ಷರ ಬಿಟ್ರೆ ಬೇರೆ ಒಪ್ಪಲ್ಲ."

ಬಣ್ಣ ಹೊಡೆದು ಬಿರುಕು ಮುಚ್ಚಿದ ಕೆಲಸ. ನನಗೆ ಸಿಟ್ಟು ಬಂತು. ಅಷ್ಟು ದಿನ ಕರೆ ಮಾಡಿದ ವೆಂಡರುಗಳಿಗೆಲ್ಲ "ಸರ್ಟಿಫಿಕೇಟಿಗೆ ಹೋಲಿಸಿ ನೋಡಿ" ಎಂದು ಹೇಳಿದವರು ನಾವೇ. ಅವರು ಹೋಲಿಸಿದ್ದರು, ಸರಿಯಾಗಿಯೇ ಕಂಡಿತ್ತು, ಆಮೇಲೆ ತಮ್ಮನ್ನೇ ಅನುಮಾನಿಸಿಕೊಂಡು ಸುಮ್ಮನಾಗಿದ್ದರು.

ಅಷ್ಟರಲ್ಲಿ ಪ್ರೇಮ್‌ಕುಮಾರ್ ಬಂದರು. ವಿಷಯ ಕೇಳಿ, ಗಡಿಯಾರ ನೋಡಿ, "ಸಿಂಪಲ್ ಅಲ್ವಾ? ಒಂದು ಪತ್ರ ಸಹಿ ಮಾಡ್ಲಿ, ಬೀಗ ತೆಗೀತೀನಿ. ದೊಡ್ಡಕ್ಷರದಲ್ಲಿ ಹಾಕ್ಲಿ, ಮುಗೀತು. ಫಾರ್ಮ್ ಮುಂದಿನ ವಾರ ನೋಡ್ಕೊಳ್ಳೋಣ," ಎಂದರು. ಅಚ್ಚಾದ ಪತ್ರ ಅವರ ಕೈಯಲ್ಲೇ ಇತ್ತು.

ಹಂಸಾ ಪತ್ರ ಓದಿದರು. "ತಪ್ಪು ನಂಬರ್ ಸಲ್ಲಿಸಿದ್ದೇನೆ ಅಂತ ಇದೆಯಲ್ಲ ಸರ್. ನಾನು ಸಲ್ಲಿಸಿಲ್ಲ."

"ಅದು ಫಾರ್ಮಾಲಿಟಿ ರೀ. ಸಂಜೆ ಪಟ್ಟಿ ಮುಚ್ಚುತ್ತೆ, ಆಮೇಲೆ ನಾನೇನೂ ಮಾಡೋಕಾಗಲ್ಲ."

ಹಂಸಾರ ಪೆನ್ನು ಹಿಡಿದ ಕೈ ಒಂದು ಕ್ಷಣ ಕಾಗದದ ಮೇಲೇ ನಿಂತಿತು. ಆ ಕ್ಯಾಂಟೀನು ಅವರಿಗೆಷ್ಟು ಬೇಕಾಗಿತ್ತು ಎಂದು ಆ ಕೈ ನೋಡಿದರೆ ಗೊತ್ತಾಗುತ್ತಿತ್ತು. ನಾನೇ ಆಗಿದ್ದರೆ ಸಹಿ ಹಾಕಿಬಿಡುತ್ತಿದ್ದೆನೋ ಏನೋ.

ವಿಮಲಾಕ್ಷಿ ಆ ಕಾಗದವನ್ನು ಮೆಲ್ಲಗೆ ಎಳೆದುಕೊಂಡು ಮಗುಚಿ ಇಟ್ಟರು.

"ಸರ್, ನಮ್ಮಪ್ಪ ಶರಣಪ್ಪ ಅಂತ. ದಾವಣಗೆರೆಯ ಮಿಲ್ಲಿನಾಗ ಮಗ್ಗ ನೋಡ್ಕೊಂಡಿದ್ರು. ಒಂದಿನ ಮಗ್ಗ ಕೆಟ್ಟು ಬಟ್ಟೆ ತೂತು ಬಿತ್ತು. ಮಿಲ್ಲಿನೋರು ಒಂದು ಹಾಳೆ ಕೊಟ್ಟು, ಸಹಿ ಮಾಡಪ್ಪ, ಫಾರ್ಮಾಲಿಟಿ ಅಂದ್ರು. ಅದರಾಗ 'ನನ್ನ ಅಜಾಗರೂಕತೆ' ಅಂತ ಬರೆದಿತ್ತು, ಅಪ್ಪ ಸಹಿ ಮಾಡಿದ್ರು. ಆಮೇಲೆ ಯಾವ ಮಗ್ಗ ಕೆಟ್ರೂ ಆ ಹಾಳೆ ಹೊರಗ ಬರ್ತಿತ್ತು. ಮೇಸ್ತ್ರಿ ಆಗಬೇಕಾದೋರು ಕಡೀತನಕ ಆಗಲಿಲ್ಲ." ದನಿ ಏರಿರಲಿಲ್ಲ. "ಈ ಮೇಜಿನ ಮೇಲೆ ಅಂಥ ಸಹಿ ನಾನು ಹಾಕ್ಸಂಗಿಲ್ಲ. ಬೀಗ ಯಾಕೆ ಬಿತ್ತು ಅನ್ನೋದನ್ನ ಫಾರ್ಮ್ ಕಟ್ಟಿದೋರು ಬರೀಲಿ. ಅದಕ್ಕೆ ನೀವು ಒಪ್ಪಿಗೆ ಕೊಡ್ರಿ."

ಪ್ರೇಮ್‌ಕುಮಾರ್ ಕೇದಾರನ ಕಡೆ ನೋಡಿದರು. ತೋರಿಕೆಯ ಬದಲಾವಣೆ ಯಾರು ಕೇಳಿದ್ದು ಎಂಬುದು ಅವರಿಗೂ ನೆನಪಾಗಿರಬೇಕು. "ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?" ಎಂದರು.

"ಬದಲಾವಣೆ ಚಿಕ್ಕದು ಸರ್. ಪರೀಕ್ಷೆಗೆ ಮೊದಲೇ ಅಕ್ಷರಗಳನ್ನ ದೊಡ್ಡದು ಮಾಡಿ, ಹಿಂದೆ ಮುಂದೆ ಖಾಲಿ ಜಾಗ ಇದ್ರೆ ತೆಗೆದ್ರೆ ಆಯ್ತು. ಫೋನಿನ ಕಡೆ ಮಾತ್ರ ಅಲ್ಲ, ನಮ್ಮ ಸರ್ವರ್ ಕಡೆನೂ ಮಾಡ್ಬೇಕು. ಮಧ್ಯಾಹ್ನದೊಳಗೆ ಮುಗಿಸ್ತೀನಿ."

ಮುಗಿಸಿದ. ಮೊದಲು ನಕಲು ಫಾರ್ಮಿನಲ್ಲಿ ನಾನೇ ಕೂತು ಪರೀಕ್ಷಿಸಿದೆ. ಸಣ್ಣಕ್ಷರ ಹಾಕಿದೆ, ದೊಡ್ಡಕ್ಷರ ಹಾಕಿದೆ, ಎರಡನ್ನೂ ಕಲಸಿ ಹಾಕಿದೆ, ಕೊನೆಗೊಂದು ಖಾಲಿ ಜಾಗ ಬಿಟ್ಟು ಹಾಕಿದೆ, ಎಲ್ಲ ಒಪ್ಪಿತು. ಒಂದಕ್ಷರ ಕಡಿಮೆ ಮಾಡಿ ಹಾಕಿದಾಗ ಬೇಡವೆಂದಿತು. ಹಾಗೆಯೇ ಆಗಬೇಕಿತ್ತು. ಹಂಸಾ ಊಟಕ್ಕೂ ಮನೆಗೆ ಹೋಗದೆ ಕುರ್ಚಿಯಲ್ಲೇ ಕೂತಿದ್ದರು.

ಬದಲಾವಣೆ ಅಸಲಿ ಫಾರ್ಮಿಗೆ ಏರಿದ ಮೇಲೆ ವಿಮಲಾಕ್ಷಿ ಹಂಸಾರನ್ನು ಸ್ವಲ್ಪ ಏಳಲು ಹೇಳಿ, ಆ ಕುರ್ಚಿಯಲ್ಲಿ ಕೇದಾರನನ್ನು ಕೂರಿಸಿದರು. ಬೀಗ ತೆಗೆಯುವ ಕಾರಣದ ಜಾಗದಲ್ಲಿ ಅವನು ಬರೆದ: "ವೆಂಡರ್ ಕೊಟ್ಟ ನಂಬರ್ ಮೊದಲಿನಿಂದಲೂ ಸರಿ. ತಪ್ಪು ನಮ್ಮ ಫಾರ್ಮಿನದು." ಪ್ರೇಮ್‌ಕುಮಾರ್ ತಮ್ಮ ಕೋಣೆಯಿಂದಲೇ ಒಪ್ಪಿಗೆ ಒತ್ತಿದರು. ಕ್ಷಮೆ ಪತ್ರದ ಅವರ ಕಾನೂನು ಅವತ್ತೇ ಸತ್ತಿತು, ಯಾರೂ ಅಳಲಿಲ್ಲ.

"ಈಗ ದೊಡ್ಡಕ್ಷರದಲ್ಲಿ ಹಾಕ್ಲಾ ಮೇಡಂ?" ಎಂದು ಹಂಸಾ ಕೇಳಿದರು.

"ಬ್ಯಾಡ್ರಿ. ಬೆಳಿಗ್ಗೆ ಹೆಂಗೆ ಹಾಕಿದ್ರೋ ಹಂಗೇ ಹಾಕ್ರಿ."

ಹಂಸಾ ಸಣ್ಣಕ್ಷರದಲ್ಲೇ ಒತ್ತಿದರು. ಒಪ್ಪಿತು. ಪಟ್ಟಿಯಲ್ಲಿ ಅವರ ಹೆಸರು ಬಂತು. ಅವರು ವಿಮಲಾಕ್ಷಿಯವರ ಎರಡೂ ಕೈ ಹಿಡಿದುಕೊಂಡು, "ಅಕ್ಕಾ, ಬಸ್ಸಾರು ತರ್ತೀನಿ," ಎಂದರು. ತಂದರು ಕೂಡ. ರುಚಿ ನೋಡಿದ ದಿನ ಬೇರೆ ಪಾತ್ರೆಗಳೆಲ್ಲ ಅರ್ಧ ಉಳಿದವು, ಹಂಸಾರದ್ದು ತಳ ಕಂಡಿತು. ಈಗ ನಮ್ಮ ಕ್ಯಾಂಟೀನು ಅವರದೇ.

ಆ ಸಂಜೆ ಹಂಸಾ ಹೋದ ಮೇಲೆ ವಿಮಲಾಕ್ಷಿ ಬೀಗ ಬಿದ್ದ ಉಳಿದ ವೆಂಡರುಗಳ ಹೆಸರು ತೆಗೆಸಿ, ನಾಳೆಯಿಂದ ಒಬ್ಬೊಬ್ಬರಿಗೂ ನಾವೇ ಫೋನ್ ಮಾಡಿ ಕರೆಯಬೇಕು ಎಂದು ನನಗೆ ಹೇಳಿದರು. ಆಮೇಲೆ ಕೊರಳ ಕನ್ನಡಕ ಏರಿಸಿಕೊಂಡು, ಹಂಸಾರ ಫೈಲ್ ತೆರೆದು, ಕೇದಾರ್ ಬರೆದ ಆ ಸಾಲನ್ನು ಮತ್ತೊಮ್ಮೆ ಓದಿದರು. ನಾನು ಬ್ಯಾಗ್ ಹಿಡಿದು ಎದ್ದೆ.

"ನಮ್ಮಪ್ಪನ ಫೈಲಿನಾಗ ಇಂಥದೊಂದು ಸಾಲು ಯಾರೂ ಬರೀಲಿಲ್ಲ ಯಮುನಾ," ಎಂದರು.

ನಾನು ಬ್ಯಾಗ್ ಕೆಳಗಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತೆ.