ಮೂರು ಸಲ ವಾಪಸ್ ಕಳಿಸಿದ ಮೆಸೇಜು

ಆ ದಿನ ನನಗೆ ಬಿದ್ದ ಏಟುಗಳು ಬೀಳಬೇಕಾದವೇ. ಯಾರ ಮೇಲೂ ದೂರಿಲ್ಲ.

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರ ಆಫೀಸು ನನ್ನ ಕೈಯಲ್ಲಿತ್ತು. ಮೆಷಿನ್ ರಿಪೇರಿಯವನು ಹೊರರಾಜ್ಯದವನಾದ್ದರಿಂದ ಮಿಲ್ಲಿನ ವಾಟ್ಸಾಪ್ ಗ್ರೂಪಿನಲ್ಲಿ ಇಂಗ್ಲಿಷೇ ಬರೆಯಬೇಕಿತ್ತು. ಯಾರ ಮೆಸೇಜೇ ಆಗಲಿ ಮೊದಲು ನನಗೆ ಬರಬೇಕು, ತಪ್ಪಿದ್ದರೆ ತಿದ್ದಿ ಮತ್ತೆ ಕಳಿಸಬೇಕು. ಸರಿಯಾದ ಮೇಲೇ ಓಕೆ. ನನ್ನ ಓಕೆ ಇಲ್ಲದೆ ಮೆಷಿನ್ ನಿಲ್ಲಿಸುವಂತಿರಲಿಲ್ಲ. ಈ ಪದ್ಧತಿ ತಂದವನು ನಾನೇ. 'ಐ ಆಮ್ ಹ್ಯಾವಿಂಗ್ ಎ ಡೌಟ್' ಅನ್ನೋದನ್ನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದಿನಾ ಮೆಷಿನ್ ನೋಡಿಕೊಳ್ಳುವ ನಮ್ಮ ಫಿಟ್ಟರ್ ಮೊಳಕಾಲ್ಮೂರಿನವನು. ಅವನ ಹೆಂಡತಿ ಅದೇ ಮೆಷಿನ್ನಿಗೆ ಶೇಂಗಾ ಕಾಯಿ ಸುರಿಯುತ್ತಿದ್ದಳು, ಮನೆಗೆ ಹೋದರೆ ರೇಷ್ಮೆ ಸೀರೆ ನೇಯುತ್ತಿದ್ದಳು. ಆ ಬೆಳಿಗ್ಗೆ ಅವನು ಬರೆದ: 'ಐ ಆಮ್ ಹ್ಯಾವಿಂಗ್ ಎ ಡೌಟ್. ಬೆಲ್ಟ್ ಗಾರ್ಡ್ ಈಸ್ ಲೂಸ್.' ಬೆಲ್ಟಿಗೆ ಕೈ ಸಿಗದಂತೆ ಮುಚ್ಚುವ ತಗಡು ಅದು. ವಾಪಸ್ ಕಳಿಸಿದೆ. 'ಐ ಆಮ್ ನೀಡಿಂಗ್ ಪರ್ಮಿಷನ್ ಟು ಸ್ಟಾಪ್' ಅಂತ ಸೇರಿಸಿ ಮತ್ತೆ ಕಳಿಸಿದ. ಅದೂ ವಾಪಸ್. ಕೊನೆಗೆ ಫೋನೇ ಮಾಡಿದ.

"ಸಾರ್, ಗಾರ್ಡು ಅಲ್ಲಾಡ್ತಾ ಐತ್ರಿ."

"ಅಲ್ಲಾಡೋದು ನಡೀತಿರೋ ಕೆಲಸ, ಅದಕ್ಕೆ ಕೊನೇಲಿ 'ಇಂಗ್' ಹಾಕು. ಬೇಕು, ಗೊತ್ತು, ಡೌಟ್ ಐತೆ, ಇವಕ್ಕೆಲ್ಲ ಹಾಕಬಾರದು. ಕನ್ನಡದಾಗೆ ಡೌಟ್ ಇರ್ತಾ ಐತೆ ಅಂತೀಯೇನಲೇ? ಸರಿಯಾಗಿ ಬರಿ!"

ಫೋನ್ ಇಟ್ಟೆ. ಮೂರನೆಯದು ಬಂತು: 'ಐ ಆಮ್ ನಾಟ್ ನೋಯಿಂಗ್ ಹೌ ಲಾಂಗ್ ಇಟ್ ವಿಲ್ ಹೋಲ್ಡ್.' ಥೂ, ಇವನ ಮನೆ ಹಾಳಾಗ ಅಂತ ಬೈದು ಅದನ್ನೂ ತಳ್ಳಿದೆ. ನಾಲ್ಕನೆಯದರಲ್ಲಿ 'ಐ ಹ್ಯಾವ್ ಎ ಡೌಟ್', 'ಐ ನೀಡ್ ಪರ್ಮಿಷನ್', ಎಲ್ಲಾ ಸರಿಯಾಗಿತ್ತು. ಖುಷಿಯಿಂದ 'ಗುಡ್' ಅಂತ ಒತ್ತಿದೆ.

ಆಗಲೇ ಯಾರೋ ಕಿರುಚಿದ್ದು ಕೇಳಿತು. ಓಡಿದೆ. ಗಾರ್ಡು ಕಿತ್ತು ಬಿದ್ದಿತ್ತು, ಫಿಟ್ಟರನ ಹೆಂಡತಿಯ ಬಲಗೈ ಬೆಲ್ಟಿಗೆ ಸಿಕ್ಕಿತ್ತು, ಕಾಯಿ ರಾಶಿಯ ಮೇಲೆಲ್ಲ ರಕ್ತ. ಅವನು ಮೊಬೈಲ್ ಬಿಸಾಡಿ ಸ್ವಿಚ್ಚಿಗೆ ಓಡುತ್ತಿದ್ದ. ಅವಳ ಬೆನ್ನ ಹಿಂದೆಯೇ ನಿಂತು ವಾಕ್ಯ ತಿದ್ದುತ್ತಿದ್ದನಂತೆ.

ಅವಳನ್ನು ಜೊತೆಯ ಹೆಂಗಸರೊಂದಿಗೆ ಆಟೋ ಹತ್ತಿಸಿದ ಮೇಲೆ ಅವನು ನನ್ನ ಕಡೆ ತಿರುಗಿದ. ಮೊದಲ ಏಟಿಗೇ ಹಲ್ಲು ಹೋಯಿತು. ಕೊರಳಪಟ್ಟಿ ಹಿಡಿದು ಗೋಡೆಗೆ ಬಡಿದ, ಬಿದ್ದವನ ಪಕ್ಕೆಗೆ ಒದ್ದ. "ಬರಿಯಲೇ ಈಗ! ಬರಿ!" ಯಾರೂ ಬಿಡಿಸಲು ಬರಲಿಲ್ಲ. ನಾನೂ ಕೈ ಎತ್ತಲಿಲ್ಲ.

ಒಂದು ತಿಂಗಳು ಬಿಟ್ಟು ಅವರ ಮನೆಗೆ ಹೋದೆ. ಅವಳ ಮೂರು ಬೆರಳು ಹೋಗಿದ್ದವು, ಮಗ್ಗದ ಮೇಲೆ ಬಟ್ಟೆ ಹೊದಿಸಿದ್ದರು. ನನ್ನನ್ನು ನೋಡಿದ್ದೇ ತಡ, ಅವನು ಮತ್ತೆ ನನ್ನ ಕುತ್ತಿಗೆ ಹಿಡಿದ. "ತಪ್ಪಾಯ್ತಮ್ಮ, ನನಗೆ ಇಂಗ್ಲಿಷಿನ ಹುಚ್ಚು," ಎಂದೆ ಉಸಿರು ಕಟ್ಟಿಕೊಂಡೇ.

ಅವಳು ಗಂಡನಿಗೆ ಅಂದಳು: "ಬಿಡು ಆವಯ್ಯನ್ನ. ಫೋನ್‌ನಾಗೆ ನೀನು ಕನ್ನಡದಾಗೇ ಹೇಳಿದ್ದಲ್ಲ. ಕೇಳಿದ್ನೇನು?"